ಹರಿದ ಮೂಲೆಯನ್ನು ತುಂಬುವ ಬಗೆ

ಸ್ಟುಡಿಯೋದಲ್ಲಿ ತೆಗೆಸಿದ ಹಳೆಯ ಕಪ್ಪು-ಬಿಳುಪು ಕುಟುಂಬಚಿತ್ರದ ಎಡಮೂಲೆ ಹರಿದುಹೋಗಿದೆ ಎನ್ನಿ. ಹೋಗಿರುವುದು ಹಿನ್ನೆಲೆಯ ಪರದೆ ಮಾತ್ರವಾದರೆ ಅದೃಷ್ಟವೇ.

ಮೂಲಚಿತ್ರಕ್ಕೆ ಅಂಟುಪಟ್ಟಿ ಹಚ್ಚದೆ, 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಫೋಟೋಶಾಪ್‌ನಲ್ಲಿ ಪ್ರತ್ಯೇಕ ಲೇಯರ್ ಮೇಲೆ ದುರಸ್ತಿ ಮಾಡುತ್ತಾರೆ. ಬಲಮೂಲೆಯ ಪರದೆಯನ್ನು ನಕಲಿಸಿ, ಎಡಬಲ ತಿರುಗಿಸಿ ಕೂರಿಸುವುದು ಸುಲಭ. ಆದರೆ ಬೆಳಕು ಒಂದೇ ಬದಿಯಿಂದ ಬಿದ್ದಿದ್ದರೆ ಆ ತುಂಡು ಎದ್ದು ಕಾಣುತ್ತದೆ. ಮೊದಲು ಅದರ ಛಾಯೆಯನ್ನು ಪಕ್ಕದ ಭಾಗಕ್ಕೆ ಹೊಂದಿಸಿ, ಆಮೇಲೆ ಅಂಚನ್ನು ಕ್ಲೋನ್ ಸ್ಟಾಂಪ್‌ನಿಂದ ಬೆಸೆಯಬೇಕು. ಒಂದೇ ಕಲೆ ಎರಡು ಕಡೆ ಕಂಡರೆ ನಕಲು ಬಯಲಾಯಿತು. ಅತಿಯಾಗಿ ತಿದ್ದಿದಲ್ಲಿ ಫಿಲ್ಮಿನ ಗ್ರೇನ್ ಅಳಿಸಿ ಮೇಣ ಬಳಿದಂತಾಗುತ್ತದೆ. ಅದನ್ನು ಮತ್ತೆ ಸೇರಿಸಬೇಕು.

ಬಿರುಕು ಅಜ್ಜಿಯ ಕಣ್ಣಿನ ಮೇಲೇ ಹಾದಿದ್ದರೆ? ಇನ್ನೊಂದು ಕಣ್ಣನ್ನು ತಿರುಗಿಸಿ ಅಂಟಿಸಿದರೆ ಅದರೊಳಗಿನ ಬೆಳಕಿನ ಚುಕ್ಕಿ ತಪ್ಪು ಬದಿಗೆ ಸರಿಯುತ್ತದೆ, ಮುಖವೂ ಅಜ್ಜಿಯದಾಗಿ ಉಳಿಯುವುದಿಲ್ಲ. ಅದೇ ಕಾಲದ ಅವರ ಮತ್ತೊಂದು ಚಿತ್ರವನ್ನು ನೆಂಟರ ಮನೆಗಳಲ್ಲಿ ಹುಡುಕುವುದೇ ಸರಿ.