ಇವತ್ತಿಗೆ ಸೊನ್ನೆ ರೂಪಾಯಿ, ಮುಂದಕ್ಕೆ?

ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗಿಯೊಬ್ಬಳು ರೆಸ್ಯೂಮೆ ಮಾಡಿಕೊಡುವ ಜಾಲತಾಣಕ್ಕೆ ಹೋಗುತ್ತಾಳೆ ಎಂದುಕೊಳ್ಳಿ. ಮುಖಪುಟದಲ್ಲಿ ‘ಉಚಿತ’ ಎಂಬ ದೊಡ್ಡಕ್ಷರ. ವಿಳಾಸ, ಅಂಕ, ಮಾಡಿದ ಪ್ರಾಜೆಕ್ಟು ಎಲ್ಲ ತುಂಬಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯುತ್ತದೆ. ಅಚ್ಚುಕಟ್ಟಾದ ರೆಸ್ಯೂಮೆ ಪರದೆಯ ಮೇಲೆ ಮೂಡುತ್ತದೆ. ಡೌನ್‌ಲೋಡ್ ಒತ್ತಿದ ಮೇಲೆಯೇ ಕಾರ್ಡ್ ಸಂಖ್ಯೆ ಕೇಳುವ ಪುಟ ಬರುವುದು. ಅಷ್ಟು ಹೊತ್ತಿನ ಶ್ರಮ ಬಿಟ್ಟು ಎದ್ದುಹೋಗಲು ಮನಸ್ಸಾಗದ ಗಳಿಗೆಗೆಂದೇ ಆ ಪುಟವನ್ನು ಕಾದಿರಿಸಿರುತ್ತಾರೆ. ಕೆಲಸವಿಲ್ಲದವರ ಜೇಬಿಗೆ ಹೀಗೆ ಕೈಹಾಕುವುದು ನನಗೆ ಸಿಟ್ಟು ತರಿಸುತ್ತದೆ. ಬೆಲೆಯನ್ನು ಮೊದಲು ಹೇಳದೆ ಕೊನೆಗೆ ತೆಗೆದರೆ ಅಲ್ಲಿಂದಲೇ ಎಚ್ಚರವಾಗಬೇಕು.

ಆ ಪುಟವನ್ನೇ ಓದೋಣ. ನಡುವೆ ದಪ್ಪ ಅಕ್ಷರದಲ್ಲಿ “Total due today: ₹0” ಎಂದಿದೆ. ಸೊನ್ನೆಗಿಂತ ಅಲ್ಲಿ ಗಮನಿಸಬೇಕಾದದ್ದು today. ಇವತ್ತು ಏನೂ ಇಲ್ಲ ಎಂದಷ್ಟೇ ಆ ಸಾಲು ಹೇಳುತ್ತಿದೆ, ನಾಳೆಯ ಮಾತು ಬೇರೆಲ್ಲೋ ಇದೆ. ಅದು ಬಹುತೇಕ ಗುಂಡಿಯ ಕೆಳಗೆ, ತಿಳಿ ಬೂದು ಬಣ್ಣದಲ್ಲಿ, ಮೊಬೈಲಿನಲ್ಲಾದರೆ ಪರದೆ ಸರಿಸಿದರೆ ಮಾತ್ರ ಕಾಣುವ ಕಡೆ ಇರುತ್ತದೆ: “After 7 days, ₹1,500 billed every 4 weeks unless cancelled.” ನಾಲ್ಕು ವಾರವೆಂದರೆ ಒಂದು ತಿಂಗಳು ಎಂದುಕೊಳ್ಳುವುದು ಸಹಜ. ಆದರೆ ವರ್ಷಕ್ಕೆ 52 ವಾರ, ಹಾಗಾಗಿ 12 ಸಲವಲ್ಲ, 13 ಸಲ ಹಣ ಹೋಗುತ್ತದೆ. ಒಟ್ಟು ₹19,500. ಒಂದೇ ಒಂದು ಹಾಳೆಯ ರೆಸ್ಯೂಮೆಗೆ! ಇನ್ನು ಕೆಲವರು ತಿಂಗಳಿಗೆ ಇಷ್ಟೇ ಎಂದು ಸಣ್ಣ ಮೊತ್ತ ತೋರಿಸಿ, ಪಕ್ಕದಲ್ಲಿ “billed annually” ಎಂದು ಬರೆದು, ವರ್ಷದ ಹಣವನ್ನು ಒಟ್ಟಿಗೆ ಎಳೆದುಕೊಳ್ಳುತ್ತಾರೆ.

ಕಾರ್ಡ್ ಸಂಖ್ಯೆ ಹಾಕುವ ಮೊದಲು ಷರತ್ತುಗಳ ಪುಟ ತೆರೆಯಿರಿ. ಇಡೀ ಪುಟ ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಬ್ರೌಸರಿನಲ್ಲಿ ಪುಟದೊಳಗೆ ಹುಡುಕುವ ಸೌಲಭ್ಯ ಬಳಸಿ renew, cancel, refund ಎಂಬ ಮೂರು ಪದ ಹುಡುಕಿದರೆ ಸಾಕು. ಮುಖ್ಯವಾಗಿ ನೋಡಬೇಕಾದದ್ದು ಬಿಡುವ ದಾರಿ. ಸೇರಿಕೊಳ್ಳಲು ಒಂದು ಗುಂಡಿ ಸಾಕಾಗಿ, ಬಿಡಲು ಮಾತ್ರ ವಿದೇಶದ ನಂಬರಿಗೆ ಫೋನ್ ಮಾಡಬೇಕು ಎಂದಿದ್ದರೆ ಅಲ್ಲಿಗೆ ನಿಲ್ಲಿಸಿ. ಗಡುವನ್ನೂ ನೋಡಿ. ಅವಧಿ ಮುಗಿಯುವ 24 ಗಂಟೆ ಮೊದಲೇ ರದ್ದು ಮಾಡಬೇಕೆಂದಿದ್ದರೆ ನಿಮಗೆ ಸಿಗುವುದು ಏಳಲ್ಲ, ಆರೇ ದಿನ.

ಭಾರತದಲ್ಲಿ ಇನ್ನೊಂದು ತಡೆ ಇದೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಕಾರ್ಡಿನಿಂದ ಪದೇಪದೇ ಹಣ ಕಡಿತವಾಗಬೇಕಾದರೆ ಮೊದಲು ಒಟಿಪಿ ಪಡೆದು ನಿಮ್ಮ ಒಪ್ಪಿಗೆಯನ್ನು ನೋಂದಾಯಿಸಬೇಕು. ಇದಕ್ಕೆ ಇ-ಮ್ಯಾಂಡೇಟ್ ಎನ್ನುತ್ತಾರೆ. ಒಂದೆರಡು ರೂಪಾಯಿಯ ಪರಿಶೀಲನೆಗೆಂದು ಬಂದ ಒಟಿಪಿಯ ಸಂದೇಶದಲ್ಲಿ mandate ಎಂಬ ಪದ ಕಂಡರೆ ಅದು ಬರೀ ಪರಿಶೀಲನೆಯಲ್ಲ. ಯುಪಿಐ ಆಟೋಪೇ ಪರದೆಯಲ್ಲೂ ಹೀಗೆಯೇ: ಮೇಲೆ ಕಾಣುವ ₹1 ನೋಡಿ ಪಿನ್ ಒತ್ತಬೇಡಿ, ಅದರ ಕೆಳಗೆ ಗರಿಷ್ಠ ಮೊತ್ತ ಎಷ್ಟು, ಎಷ್ಟು ದಿನಕ್ಕೊಮ್ಮೆ, ಯಾವ ವರ್ಷದವರೆಗೆ ಎಂಬುದನ್ನು ಓದಿ. ಒಮ್ಮೆ ಒಪ್ಪಿದ ಮೇಲೆ ಸಾಮಾನ್ಯವಾಗಿ ₹15,000ದವರೆಗಿನ ಕಂತಿಗೆ ಮತ್ತೆ ಒಟಿಪಿ ಕೇಳುವುದಿಲ್ಲ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು, ಬರುತ್ತದೆ ಕೂಡ, ಆದರೆ ಜಾಹೀರಾತಿನ ಎಸ್ಸೆಮ್ಮೆಸ್‌ಗಳ ನಡುವೆ ಅದನ್ನು ಗಮನಿಸುವವರು ಕಡಿಮೆ.

ಈ ತಡೆಗೂ ಮಿತಿ ಇದೆ. ಕೆಲವು ವಿದೇಶಿ ತಾಣಗಳು ಒಟಿಪಿ ಕೇಳದೆಯೇ ಕಾರ್ಡಿನಿಂದ ಹಣ ತೆಗೆಯಬಲ್ಲವು. ಬೇರೆ ದೇಶದ ಖರೀದಿ ಇಲ್ಲದವರು ಬ್ಯಾಂಕಿನ ಆ್ಯಪಿನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನು ಆಫ್ ಮಾಡಿಡುವುದು ಒಳ್ಳೆಯದು.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ 13 ಮೋಸದ ವಿನ್ಯಾಸಗಳನ್ನು ಹೆಸರಿಸಿದೆ. ಉಚಿತ ಚಂದಾದಾರಿಕೆಗೆ ಪಾವತಿಯ ವಿವರ ಕೊಡಲೇಬೇಕೆಂದು ಒತ್ತಾಯಿಸುವುದೂ ರದ್ದತಿಯ ದಾರಿ ಮುಚ್ಚಿಡುವುದೂ ಅದರಲ್ಲಿ ‘ಚಂದಾ ಬಲೆ’ಯ ಕೆಳಗೆ ಬರುತ್ತವೆ. ಅಂದರೆ ಆ ಹುಡುಗಿಗೆ ದೂರು ಕೊಡುವ ಹಕ್ಕಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವಾಗ ಆ ಬೂದು ಸಾಲಿನ ಸ್ಕ್ರೀನ್‌ಶಾಟ್, ರದ್ದು ಮಾಡಿದ ಇಮೇಲ್ ಕೈಯಲ್ಲಿರಲಿ. ಅದಕ್ಕೂ ಮೊದಲು ಬ್ಯಾಂಕಿನ ಅಥವಾ ಯುಪಿಐ ಆ್ಯಪಿನಲ್ಲಿ ಮ್ಯಾಂಡೇಟ್ ರದ್ದು ಮಾಡಬೇಕು. ಫೋನಿನಿಂದ ಆ್ಯಪ್ ಅಳಿಸಿಹಾಕಿದರೆ ಕಡಿತ ನಿಲ್ಲುವುದಿಲ್ಲ.