ಹುಷಾರಿಲ್ಲ, ಇವತ್ತು ಬರಲ್ಲ

ಬೆಳಗ್ಗೆ 7.30ಕ್ಕೆ ಫೋನಿನಲ್ಲಿ ‘ಹಾಯ್ ಸರ್’ ಎಂದಷ್ಟೇ ಬಂದು, ಮುಂದೆ ಏನೂ ಬಾರದಿದ್ದರೆ ಟೀಮ್ ಲೀಡ್ ಆದವರ ತಲೆಗೆ ಮೊದಲು ಬರುವುದು ರಾಜೀನಾಮೆಯ ಯೋಚನೆ. ಅದಲ್ಲದಿದ್ದರೆ ರಾತ್ರಿ ಸರ್ವರ್ ಕೈಕೊಟ್ಟಿರಬೇಕು. ಅವರು ‘ಹೇಳಿ’ ಎಂದು ಬರೆದು ಸ್ನಾನಕ್ಕೆ ಹೋಗುತ್ತಾರೆ. ಇತ್ತ ಜ್ವರದಲ್ಲಿ ಮಲಗಿದವರು ಉತ್ತರಕ್ಕೆ ಕಾಯುತ್ತಲೇ ನಿದ್ದೆ ಹೋಗಿರುತ್ತಾರೆ. 10 ಗಂಟೆಗೆ ಸ್ಟ್ಯಾಂಡಪ್ ಮೀಟಿಂಗ್ ಶುರುವಾದಾಗ ಒಬ್ಬರು ಇಲ್ಲ, ಯಾಕಿಲ್ಲ ಎಂದು ಯಾರಿಗೂ ಗೊತ್ತಿಲ್ಲ. ಸಂದೇಶವೇನೋ ಹೋಗಿದೆ, ವಿಷಯ ಹೋಗಿಲ್ಲ.

ಹಿಂದೆ ಇಂಥ ಮಾತು ಫೋನಿನಲ್ಲೇ ಆಗುತ್ತಿತ್ತು. ಅತ್ತ ಕಡೆಯವರು ಎದುರು ಪ್ರಶ್ನೆ ಕೇಳುತ್ತಿದ್ದುದರಿಂದ ಬಿಟ್ಟುಹೋದದ್ದು ಅಲ್ಲೇ ಹೊರಗೆ ಬರುತ್ತಿತ್ತು. ಈಗ ಬೆಂಗಳೂರಿನ ಬಹುಪಾಲು ಕಚೇರಿಗಳಲ್ಲಿ ಅದು ಸ್ಲ್ಯಾಕ್, ಟೀಮ್ಸ್ ಅಥವಾ ವಾಟ್ಸ್ಆ್ಯಪ್‌ಗೆ ಬಂದಿದೆ. ಕೇಳಬೇಕಾದವರು ಓದುವ ಹೊತ್ತಿಗೆ ಹೇಳಬೇಕಾದವರು ಎಚ್ಚರ ಇರುವುದಿಲ್ಲ. ಹಾಗಾಗಿ ಎದುರು ಪ್ರಶ್ನೆ ಏಳದ ಹಾಗೆ ಒಂದೇ ಸಲಕ್ಕೆ ಬರೆದು ಮುಗಿಸುವುದು ಇಲ್ಲಿನ ಮೊದಲ ಶಿಷ್ಟಾಚಾರ. ನಮಸ್ಕಾರವೂ ವಿಷಯವೂ ಒಂದೇ ಸಂದೇಶದಲ್ಲಿರಲಿ.

ಏನು ಬರೆಯಬೇಕು ಎಂಬುದು ಟೀಮ್ ಲೀಡ್‌ನ ಬೆಳಗ್ಗೆಯನ್ನು ಊಹಿಸಿಕೊಂಡರೆ ತಾನಾಗಿ ಹೊಳೆಯುತ್ತದೆ. ನಿಮ್ಮ ಜ್ವರ ಎಷ್ಟು ಡಿಗ್ರಿ ಎಂಬುದರಿಂದ ಅವರ ದಿನದಲ್ಲಿ ಏನೂ ಬದಲಾಗದು. ನಿಮ್ಮ ಕೈಯಲ್ಲಿದ್ದ ಕೆಲಸದಲ್ಲಿ ಇವತ್ತೇ ಆಗಬೇಕಾದದ್ದು ಏನಿದೆ, ಅದನ್ನು ಯಾರಿಗೆ ಕೊಡಬೇಕು, ಯಾವ ಮೀಟಿಂಗ್ ಮುಂದೂಡಬೇಕು ಎಂಬುದನ್ನು ಅವರು ಕೆಲಸ ಶುರುವಾಗುವ ಮೊದಲು ತೀರ್ಮಾನಿಸಬೇಕು.

ವೈಟ್‌ಫೀಲ್ಡ್ ಕಡೆಯ ಒಂದು ಸಾಫ್ಟ್‌ವೇರ್ ತಂಡ ಎಂದಿಟ್ಟುಕೊಳ್ಳಿ. ಅಲ್ಲೊಬ್ಬಳು ಟೆಸ್ಟರ್. ಬಿಲ್ಲಿಂಗ್ ಭಾಗದ ಪರೀಕ್ಷೆ ಅವಳದು. ಮಧ್ಯಾಹ್ನ 3.30ಕ್ಕೆ ಲಂಡನ್‌ನ ಗ್ರಾಹಕರಿಗೆ ಡೆಮೊ ಇದೆ. ಬೆಳಗ್ಗೆ 6.30ಕ್ಕೆ ಎದ್ದರೆ ಮೈ ಕೆಂಡವಾಗಿದೆ. ಅವಳ ಬೆರಳಿಗೆ ಮೊದಲು ಬರುವುದು ಸಾಮಾನ್ಯವಾಗಿ ಇಂಥದ್ದು:

“ಗುಡ್ ಮಾರ್ನಿಂಗ್ ಸರ್. ತುಂಬಾ ಸಾರಿ. ನಿನ್ನೆ ರಾತ್ರಿಯಿಂದ ವಿಪರೀತ ಜ್ವರ, ಎರಡು ಮೂರು ಸಲ ವಾಂತಿ ಆಯ್ತು, ನಿದ್ದೇನೇ ಇಲ್ಲ. ಅಮ್ಮ ಡಾಕ್ಟರ್ ಹತ್ರ ಹೋಗು ಅಂತಿದ್ದಾರೆ. ಇವತ್ತು ರಜೆ ತಗೋಬಹುದಾ ಸರ್? ಸ್ವಲ್ಪ ಹುಷಾರಾದ್ರೆ ಮಧ್ಯಾಹ್ನ ಲಾಗಿನ್ ಆಗೋಕೆ ಟ್ರೈ ಮಾಡ್ತೀನಿ.”

ಇದರಲ್ಲಿ ಸುಳ್ಳಿಲ್ಲ, ವಿನಯಕ್ಕೂ ಕೊರತೆಯಿಲ್ಲ. ಆದರೆ ಓದಿದ ಟೀಮ್ ಲೀಡ್‌ಗೆ ಡೆಮೊ ಏನಾಗುತ್ತದೆ ಎಂಬುದರ ಸುಳಿವೇ ಸಿಗದು. ‘ಟ್ರೈ ಮಾಡ್ತೀನಿ’ ಎಂದಿರುವುದರಿಂದ ಕೆಲಸವನ್ನು ಬೇರೆಯವರಿಗೆ ಕೊಡಲೂ ಆಗದು, ಇವಳನ್ನು ನೆಚ್ಚಿಕೊಂಡು ಕೂರಲೂ ಆಗದು. 2 ಗಂಟೆಯವರೆಗೆ ಕಾದು, ಅವಳು ಬಾರದಿದ್ದಾಗ ಆತುರಾತುರವಾಗಿ ಇನ್ನೊಬ್ಬರನ್ನು ಹಿಡಿಯಬೇಕಾಗುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಲಂಡನ್‌ನ ಬೆಳಗ್ಗೆ 9 ಎಂದರೆ ನಮ್ಮ ಮಧ್ಯಾಹ್ನ 1.30. ಡೆಮೊ ಮುಂದೂಡಬೇಕಿದ್ದರೆ ಗ್ರಾಹಕರು ಕಚೇರಿಗೆ ಬರುವ ಮೊದಲೇ ಪತ್ರ ಅಲ್ಲಿರಬೇಕಿತ್ತು. ಆ ಹೊತ್ತೂ ಕಳೆದಿರುತ್ತದೆ.

‘ತಗೋಬಹುದಾ’ ಎಂಬ ಪ್ರಶ್ನೆಯೂ ಅಷ್ಟೇ ಇಕ್ಕಟ್ಟಿನದು. ಪ್ರವಾಸಕ್ಕೋ ಮದುವೆಗೋ ರಜೆ ಬೇಕಾದರೆ ಮೊದಲೇ ಕೇಳಬೇಕು, ಅದು ಸರಿ. ಜ್ವರ ಬಂದವರು ಅನುಮತಿ ಕೇಳಿದರೆ, ಇವರು ಕೆಲಸ ಮಾಡುವ ಸ್ಥಿತಿಯಲ್ಲಿದ್ದಾರೋ ಇಲ್ಲವೋ ಎಂದು ನಿರ್ಧರಿಸುವ ಹೊಣೆ ಟೀಮ್ ಲೀಡ್ ಮೇಲೆ ಬೀಳುತ್ತದೆ. ಅವರೇನು ಡಾಕ್ಟರಲ್ಲ. ಉತ್ತರ ಬರುವ ತನಕ ಕೇಳಿದವರಿಗೂ ನೆಮ್ಮದಿಯಿಲ್ಲ. ಇದು ಕೇಳುವ ವಿಷಯವಲ್ಲ, ತಿಳಿಸುವ ವಿಷಯ. ತಿಳಿಸುವುದರಲ್ಲೂ ಗೌರವ ಇರಬಹುದು.

ಅದೇ ಹುಡುಗಿ ಹೀಗೆ ಬರೆದಿದ್ದರೆ:

“ಸರ್, ಜ್ವರ ಬಂದಿದೆ, ಇವತ್ತು ಇಡೀ ದಿನ ರಜೆಯಲ್ಲಿರ್ತೀನಿ. 3.30ರ ಡೆಮೊಗೆ ಬಿಲ್ಲಿಂಗ್‌ನಲ್ಲಿ ರೀಫಂಡ್ ಟೆಸ್ಟ್ ಮಾತ್ರ ಬಾಕಿ. ಶೀಟ್ ನಮ್ಮ ಟೀಮ್ ಫೋಲ್ಡರ್‌ನಲ್ಲಿದೆ, ಆಗದೇ ಇರೋದಕ್ಕೆ ಹಳದಿ ಹಾಕಿದ್ದೀನಿ. ಡಾಕ್ಟರ್ ಹತ್ರ ಹೋಗಿ ಬಂದು ಮಲಗ್ತೀನಿ, ಚಾಟ್ ನೋಡಲ್ಲ. ತೀರಾ ಬೇಕಾದ್ರೆ 11ರೊಳಗೆ ಫೋನ್ ಮಾಡಿ. ನಾಳೆ ಬರ್ತೀನಾ ಇಲ್ವಾ ಅನ್ನೋದನ್ನ ಸಂಜೆ 6ಕ್ಕೆ ತಿಳಿಸ್ತೀನಿ.”

ಉದ್ದ ಮೊದಲಿನದಕ್ಕಿಂತ ತುಸು ಹೆಚ್ಚೇ ಇರಬಹುದು, ಆದರೆ ಪ್ರತಿ ಸಾಲಿನಿಂದಲೂ ಟೀಮ್ ಲೀಡ್‌ಗೆ ಒಂದೊಂದು ಕೆಲಸ ಹಗುರವಾಗುತ್ತದೆ. ರಜೆ ಅರ್ಧ ದಿನವೋ ಇಡೀ ದಿನವೋ ಎಂಬುದು ಮೊದಲ ಸಾಲಿನಲ್ಲೇ ಇದೆ. ಫೋನ್ ಲಾಕ್ ಆಗಿದ್ದಾಗ ಪರದೆಯ ಮೇಲೆ ಕಾಣುವುದು ಆ ಒಂದೆರಡು ಸಾಲು ಮಾತ್ರ, ಆದ್ದರಿಂದ ‘ರಜೆ’ ಎಂಬುದು ಅಲ್ಲೇ ಇರಬೇಕು. ಬಾಕಿ ಕೆಲಸ ಯಾವುದು, ಕಡತ ಎಲ್ಲಿದೆ ಎಂಬುದೂ ಗೊತ್ತಾಯಿತು. ‘ಚಾಟ್ ನೋಡಲ್ಲ’ ಎಂಬ ಮಾತು ಒರಟು ಅನ್ನಿಸಬಹುದು, ನನ್ನ ಪ್ರಕಾರ ಈ ಸಂದೇಶದಲ್ಲಿ ಬಹಳ ಉಪಕಾರದ ಮಾತು ಅದೇ. ಅದಿಲ್ಲದಿದ್ದರೆ ತಂಡದವರೆಲ್ಲ ಒಂದೊಂದು ಸಣ್ಣ ಪ್ರಶ್ನೆ ಕಳಿಸುತ್ತಾರೆ, ಮಲಗಿದವರು ಒಂದಕ್ಕೆ ಉತ್ತರಿಸಿದರೆ ಮುಗಿಯಿತು, ಉಳಿದವಕ್ಕೂ ಉತ್ತರಿಸಬೇಕು. ರಜೆಯೂ ಹೋಯಿತು, ವಿಶ್ರಾಂತಿಯೂ ಇಲ್ಲ.

ಉಳಿದ ಟೆಸ್ಟ್ ಇಂಥವರು ಮಾಡಲಿ ಎಂದು ಸಹೋದ್ಯೋಗಿಯ ಹೆಸರನ್ನು ಅವಳು ಬರೆದಿಲ್ಲ ಎಂಬುದನ್ನೂ ಗಮನಿಸಿ. ಆ ಸಹೋದ್ಯೋಗಿಯನ್ನು ಕೇಳಿ ಒಪ್ಪಿಸಿದ್ದರೆ ಬರೆಯಬಹುದು. ಇಲ್ಲದಿದ್ದರೆ ಕೆಲಸ ಹಂಚುವುದು ಟೀಮ್ ಲೀಡ್‌ಗೆ ಬಿಟ್ಟದ್ದು. ಇನ್ನು, ಕಣ್ಣು ಬಿಡಲೂ ಆಗದಷ್ಟು ಆಯಾಸ ಇದ್ದವರಿಗೆ ಈ ಯಾವ ನಿಯಮವೂ ಇಲ್ಲ. ‘ಹುಷಾರಿಲ್ಲ, ಇವತ್ತು ಬರಲ್ಲ’ ಎಂದಷ್ಟು ಬರೆದರೆ ಸಾಕು, ಅದನ್ನು ಮನೆಯವರು ನಿಮ್ಮ ಫೋನಿನಿಂದ ಕಳಿಸಿದರೂ ನಡೆಯುತ್ತದೆ.

ಸಮಯದ ವಿಷಯಕ್ಕೆ ಬಂದರೆ, ಸ್ಟ್ಯಾಂಡಪ್‌ಗೆ ಐದು ನಿಮಿಷ ಮೊದಲು ಕಳಿಸಿದ್ದು ತಡವಾದಂತೆಯೇ. 10ರ ಮೀಟಿಂಗ್‌ಗೆ ಟೀಮ್ ಲೀಡ್ 9ಕ್ಕೆ ಮನೆ ಬಿಟ್ಟಿರುತ್ತಾರೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬೈಕ್ ಮೇಲಿರುವವರು ಚಾಟ್ ನೋಡುವುದಿಲ್ಲ, ನೋಡಲೂಬಾರದು. 8ರಿಂದ 8.30ರ ಒಳಗೆ ತಲುಪಿದರೆ ಅವರು ಮನೆಯಲ್ಲಿದ್ದಾಗಲೇ ಒಂದು ಫೋನ್ ಮಾಡಿ ವ್ಯವಸ್ಥೆ ಮಾಡಬಹುದು. ಇನ್ನೂ ಬೇಗ ಕಳಿಸಲು ಹಿಂಜರಿಯಬೇಕಿಲ್ಲ. ಸ್ಲ್ಯಾಕ್‌ನಲ್ಲಿ ಬೇರೆ ಯಾರೂ ಬದಲಾಯಿಸದಿದ್ದರೆ ರಾತ್ರಿ 10ರಿಂದ ಬೆಳಗ್ಗೆ 8ರವರೆಗೆ ಸೂಚನೆಯ ಸದ್ದು ತಾನಾಗಿ ನಿಂತಿರುತ್ತದೆ. 6.30ಕ್ಕೆ ಕಳಿಸಿದ್ದು ಅವರ ನಿದ್ದೆ ಕೆಡಿಸದೆ ಅಲ್ಲೇ ಕಾದಿರುತ್ತದೆ. ವಾಟ್ಸ್ಆ್ಯಪ್‌ಗೆ ಅಂಥ ಏರ್ಪಾಡಿಲ್ಲ, ಫೋನನ್ನೇ ಸೈಲೆಂಟ್ ಮಾಡಿಟ್ಟಿದ್ದರೆ ಮಾತ್ರ ನಿಶ್ಶಬ್ದ.

ರಾತ್ರಿಯೇ ಮೈ ಬಿಸಿಯಾಗಿದ್ದರೆ ‘ನಾಳೆ ಬರುವುದು ಅನುಮಾನ, ಬೆಳಗ್ಗೆ 8ಕ್ಕೆ ಖಚಿತವಾಗಿ ಹೇಳ್ತೀನಿ’ ಎಂದು ಆಗಲೇ ತಿಳಿಸಿಡುವುದು ಒಳ್ಳೆಯದು. ಕೆಲವರು ರಜೆಯ ಸಂದೇಶವನ್ನೇ ರಾತ್ರಿ ಬರೆದು, ಬೆಳಗ್ಗೆ ಹೋಗುವಂತೆ ಸಮಯ ಹೊಂದಿಸಿ ಮಲಗುತ್ತಾರೆ. ಸ್ಲ್ಯಾಕ್, ಟೀಮ್ಸ್ ಎರಡರಲ್ಲೂ ಆ ಸೌಲಭ್ಯ ಇದೆ. ಆದರೆ ಬೆಳಗ್ಗೆ ಜ್ವರ ಬಿಟ್ಟು ನೀವು ಹುರುಪಿನಲ್ಲಿ ಕಚೇರಿಗೆ ಹೊರಟಿರುವಾಗ ಅತ್ತ ‘ಏಳಲಾಗುತ್ತಿಲ್ಲ’ ಎಂಬ ಸಂದೇಶ ಹೋಗಿ ಬೀಳುತ್ತದೆ.

ನೀಲಿ ಗೆರೆ ಕಾಣಲಿಲ್ಲವೆಂದರೆ ಓದಿಲ್ಲ ಎಂದು ತಿಳಿಯಬೇಡಿ, ಅದನ್ನು ಆಫ್ ಮಾಡಿಟ್ಟುಕೊಂಡವರು ಬಹಳ ಮಂದಿ. ಆದರೆ ಕೆಲಸದ ಹೊತ್ತು ಹತ್ತಿರವಾದರೂ ಉತ್ತರ ಬಾರದಿದ್ದರೆ, ಮತ್ತು ಇವತ್ತು ನಿಮ್ಮಿಂದ ತಡೆಯಲಾಗದ ಕೆಲಸ ಏನಾದರೂ ಇದ್ದರೆ, ಒಂದು ಫೋನ್ ಮಾಡಿ. ಕಾಲ್ ಸೆಂಟರ್, ಆಸ್ಪತ್ರೆ, ಕಾರ್ಖಾನೆಯ ಪಾಳಿಯಂಥ ಕಡೆ ಚಾಟ್ ಮೊದಲ ದಾರಿಯಾಗಲೇಬಾರದು. ಅಲ್ಲಿ ನೀವು ಬಂದ ಮೇಲೆಯೇ ರಾತ್ರಿ ಪಾಳಿಯವರು ಮನೆಗೆ ಹೊರಡುವುದು. ಮೊದಲು ಫೋನ್, ಆಮೇಲೆ ದಾಖಲೆಗೆ ಒಂದು ಸಾಲಿನ ಸಂದೇಶ.

ಕಾಯಿಲೆಯ ವಿವರ ಎಷ್ಟು ಬೇಕು? ‘ಹುಷಾರಿಲ್ಲ’ ಎಂಬುದು ಪೂರ್ತಿ ಕಾರಣ. ‘ಜ್ವರ’ ಎಂದರೆ ಸಾಕೋ ಸಾಕು. ಪಕ್ಕದ ಸೀಟಿನವರಿಗೂ ಹರಡುವಂಥದ್ದಾಗಿದ್ದರೆ ಅಷ್ಟು ಹೇಳುವುದು ಧರ್ಮ. ಥರ್ಮಾಮೀಟರ್‌ನ ಫೋಟೊ, ಡಾಕ್ಟರ ಚೀಟಿ, ಡ್ರಿಪ್ ಹಾಕಿದ ಕೈಯ ಚಿತ್ರ ಇವು ಬೇಡ. ಚಾಟ್‌ನಲ್ಲಿ ಹಾಕಿದ್ದು ಫಾರ್ವರ್ಡ್ ಆಗುತ್ತದೆ, ವರ್ಷಗಟ್ಟಲೆ ಹುಡುಕಿದರೆ ಸಿಗುತ್ತದೆ. ಸೋಮವಾರ ಅಥವಾ ಹಬ್ಬದ ಮರುದಿನ ಕಾಯಿಲೆ ಬಿದ್ದವರು ನಂಬಲಾರರೇನೋ ಎಂಬ ಅಳುಕಿಗೆ ಕಥೆ ಉದ್ದ ಮಾಡುವುದುಂಟು. ವಿವರ ಬೆಳೆದಷ್ಟೂ ಅನುಮಾನವೇ ಬೆಳೆಯುತ್ತದೆ. ಯಾವ ವಾರವಾದರೂ ಒಂದೇ ಬಗೆಯಲ್ಲಿ, ಚಿಕ್ಕದಾಗಿ ಬರೆಯುವವರ ಮಾತನ್ನು ಯಾರೂ ಕೆದಕುವುದಿಲ್ಲ. (ಅವತ್ತು ಮಧ್ಯಾಹ್ನ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ನಂದಿ ಬೆಟ್ಟದ ಚಿತ್ರ ಹಾಕಿದರೆ ಮಾತ್ರ ಯಾವ ಶೈಲಿಯೂ ಕಾಪಾಡದು.)

ಇದೆಲ್ಲ ಟೀಮ್ ಲೀಡ್‌ಗೆ ಖಾಸಗಿಯಾಗಿ. ಗುಂಪಿಗೆ ‘ಇವತ್ತು ರಜೆಯಲ್ಲಿದ್ದೇನೆ’ ಎಂಬ ಒಂದು ಸಾಲು ಸಾಕು, ಕಾರಣ ಬೇಡ. ಸ್ಲ್ಯಾಕ್‌ನಲ್ಲಿ ಹೆಸರಿನ ಪಕ್ಕ Out sick ಎಂದು ಸ್ಟೇಟಸ್ ಇಟ್ಟರೆ ಹೊರಗಿನ ತಂಡದವರಿಗೂ ತಿಳಿಯುತ್ತದೆ. ನೇರ ಗುಂಪಿಗೇ ಎಲ್ಲ ಬರೆದರೆ ‘ಗೆಟ್ ವೆಲ್ ಸೂನ್’ಗಳ ಮಳೆಯಲ್ಲಿ ರೀಫಂಡ್ ಟೆಸ್ಟ್‌ನ ಮಾತು ಕೊಚ್ಚಿಹೋಗುತ್ತದೆ.

ಹೇಳಿದ ಹೊತ್ತಿಗೆ ಸಂಜೆಯ ಸಂದೇಶ ಕಳಿಸುವುದನ್ನು ಮರೆಯುವವರೇ ಹೆಚ್ಚು. ಎರಡನೆಯ ದಿನ ಮೌನವಾಗಿ ಮುಂದುವರಿದರೆ ಮೊದಲ ದಿನದ ಅಚ್ಚುಕಟ್ಟೆಲ್ಲ ನೀರುಪಾಲು. ಮತ್ತೊಂದು ವಿಷಯ, ಚಾಟ್‌ನಲ್ಲಿ ತಿಳಿಸಿದ್ದು ರಜೆ ಅರ್ಜಿಯಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ಕಾಯಿಲೆ, ಅಪಘಾತ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನಗಳವರೆಗೆ ಸಂಬಳ ಸಹಿತ ರಜೆಗೆ ಅವಕಾಶ ಇದೆ. ಅದು ಲೆಕ್ಕಕ್ಕೆ ಸೇರಬೇಕಾದರೆ ಕಂಪನಿಯ ರಜೆ ಪೋರ್ಟಲ್‌ನಲ್ಲಿ ದಾಖಲಾಗಬೇಕು. ಡಾಕ್ಟರ ಸರ್ಟಿಫಿಕೇಟ್ ಕೇಳಿದರೆ ಅದೂ ಅಲ್ಲಿಗೇ ಹೋಗಬೇಕು, ಟೀಮ್ ಲೀಡ್‌ನ ವಾಟ್ಸ್ಆ್ಯಪ್‌ಗಲ್ಲ.

ಟೀಮ್ ಲೀಡ್‌ಗಳಿಗೂ ಒಂದು ಕೋರಿಕೆ. ‘ಏನಾಯ್ತು? ಲ್ಯಾಪ್‌ಟಾಪ್ ಹತ್ರ ಇದೆಯಾ?’ ಎಂದು ಕೇಳಬೇಡಿ. ‘ಆಯ್ತು, ವಿಶ್ರಾಂತಿ ತಗೊಳ್ಳಿ, ಡೆಮೊ ನಾವು ನೋಡ್ಕೋತೀವಿ’ ಎಂದು ಓದಿದ ಕೂಡಲೇ ಬರೆಯಿರಿ, ಅವರು ಫೋನ್ ಕೆಳಗಿಟ್ಟು ಮಲಗಲಿ. ಮತ್ತು ಹೊಸಬರು ತಂಡಕ್ಕೆ ಸೇರಿದ ದಿನವೇ, ಹುಷಾರಿಲ್ಲದಿದ್ದರೆ ಯಾವ ಆ್ಯಪ್‌ನಲ್ಲಿ, ಎಷ್ಟು ಗಂಟೆಯೊಳಗೆ ತಿಳಿಸಬೇಕು, ಉತ್ತರ ಬಾರದಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ಬರೆದು ಕೊಡಿ.