ಬಿದ್ದದ್ದು ಯಾಕೆಂದು ಬರೆಯಬೇಡಿ, ಹೇಗೆಂದು ಬರೆಯಿರಿ

"ಬಾತ್‌ರೂಮಿನ ಹತ್ರ ಕಾಲು ಜಾರಿ ಬಿದ್ದುಬಿಟ್ರು ಡಾಕ್ಟ್ರೇ." ವಯಸ್ಸಾದವರನ್ನು ಕರೆತಂದ ಮನೆಯವರು ಕ್ಲಿನಿಕ್ಕಿನಲ್ಲಿ ಹೇಳುವುದು ಬಹುಮಟ್ಟಿಗೆ ಇಷ್ಟೇ. ಬಿದ್ದದ್ದು ನಿಜ. ಆದರೆ ಜಾರಿದ್ದನ್ನು ಯಾರು ನೋಡಿದರು? ಎಷ್ಟೋ ಸಲ ಯಾರೂ ನೋಡಿರುವುದಿಲ್ಲ. ಸದ್ದು ಕೇಳಿ ಓಡಿಬಂದಾಗ ಹಿರಿಯರು ನೆಲದ ಮೇಲಿರುತ್ತಾರೆ, ಉಳಿದದ್ದು ನಮ್ಮ ಊಹೆ. ಆ ಊಹೆಯನ್ನು ನಂಬಿದರೆ ವೈದ್ಯರು ಮೂಳೆ ನೋಡಿ, ನೋವಿನ ಮಾತ್ರೆ ಕೊಟ್ಟು ಕಳಿಸಬಹುದು. ನಿಜವಾಗಿ ರಕ್ತದೊತ್ತಡ ಇಳಿದೋ, ಸಕ್ಕರೆ ಕಡಿಮೆಯಾಗಿಯೋ, ಹೃದಯದ ಬಡಿತ ತಪ್ಪಿಯೋ ಬಿದ್ದಿದ್ದರೆ ಕಾರಣ ಹಾಗೇ ಉಳಿದು, ಮತ್ತೊಮ್ಮೆ ಬೀಳುತ್ತಾರೆ.

ಆದ್ದರಿಂದಲೇ ಆರೈಕೆ ಮಾಡುವವರು ಅದೇ ದಿನ ಬರೆದ ಒಂದು ಪುಟ ವೈದ್ಯರಿಗೆ ಬಹಳ ಬೆಲೆಯದು. ಅದು ಹೇಗಿರಬೇಕೆಂದು ತಿಳಿಯಲು ದಾವಣಗೆರೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮಾವನಿಗೆ 76 ವರ್ಷ, ಬಿ.ಪಿ. ಇದೆ, ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದಾರೆ. ಸೊಸೆ ಬರೆದ ಪುಟ ಹೀಗಿದೆ:

"ಸೋಮವಾರ ಬೆಳಗಿನ ಜಾವ. ದೊಪ್ಪೆಂದು ಸದ್ದಾಯಿತು, ಎದ್ದು ಹೋದೆ. ಬೆಂಗಳೂರಿನಲ್ಲಿರುವ ಯಜಮಾನರಿಗೆ ಕೂಡಲೇ ಫೋನ್ ಮಾಡಿದ್ದು 4.22ಕ್ಕೆ. ಮಾವ ಮಂಚಕ್ಕೂ ಬಾತ್‌ರೂಮಿನ ಬಾಗಿಲಿಗೂ ನಡುವೆ, ಬಲಮಗ್ಗುಲಾಗಿ ಬಿದ್ದಿದ್ದರು. ನೆಲ ಟೈಲ್ಸ್, ಒಣಗಿತ್ತು. ಮ್ಯಾಟ್ ಇಲ್ಲ. ಬರಿಗಾಲು. ಝೀರೋ ಬಲ್ಬ್ ಉರಿಯುತ್ತಿತ್ತು. ಕಣ್ಣು ಬಿಟ್ಟಿದ್ದರು, ಹೆಸರು ಹಿಡಿದು ಕರೆದರು. ಮೈ ಬೆವರಿತ್ತು. ಬಲಗೆನ್ನೆ, ಹುಬ್ಬಿನ ಮೇಲೆ ಊತ. ಅಂಗೈ, ಮಣಿಕಟ್ಟಿಗೆ ಏನೂ ಆಗಿಲ್ಲ. ಪಂಚೆ ಒದ್ದೆಯಾಗಿರಲಿಲ್ಲ. ಸಕ್ಕರೆ ನೋಡಿದೆ, 132. ಆಗ ಹೇಳಿದ್ದು: 'ಏನೂ ಆಗಿಲ್ಲ ಬಿಡಮ್ಮ, ಕಾಲು ಜಾರಿತು.' ಬೆಳಿಗ್ಗೆ ಕಾಫಿ ಕುಡಿಯುವಾಗ ಹೇಳಿದ್ದು: 'ಎದ್ದು ನಾಕು ಹೆಜ್ಜೆ ಇಟ್ಟೆ, ಕಣ್ಣು ಕತ್ತಲೆ ಬಂತು, ಆಮೇಲೆ ನೆಲದ ಮೇಲಿದ್ದೆ.' ಮೂತ್ರದ ತೊಂದರೆಗೆಂದು ಹೊಸ ಮಾತ್ರೆ ಹೋದ ವಾರದಿಂದ ರಾತ್ರಿ ತೆಗೆದುಕೊಳ್ಳುತ್ತಿದ್ದಾರೆ. ಎಲ್ಲ ಮಾತ್ರೆಗಳ ಸ್ಟ್ರಿಪ್ ಜೊತೆಗಿದೆ."

ಇದನ್ನು ವೈದ್ಯರು ಹೇಗೆ ಓದುತ್ತಾರೆಂಬುದು ಕುತೂಹಲದ ವಿಷಯ. ಮೊದಲು ಕಣ್ಣು ಹೋಗುವುದು ಒಣನೆಲದ ಮೇಲೆ. ಒಣಗಿದ, ಅಡ್ಡಿಯಿಲ್ಲದ ನೆಲದಲ್ಲಿ, ಬರಿಗಾಲಿನಲ್ಲಿ ಜಾರುವುದು ಅಪರೂಪ. ಜಾರಿದವರು ಸಾಮಾನ್ಯವಾಗಿ ಹಿಂದಕ್ಕೆ ಬೀಳುತ್ತಾರೆ, ಎಡವಿದವರು ಮುಂದಕ್ಕೆ. ಎಚ್ಚರವಿದ್ದವರು ಯಾರೇ ಆಗಲಿ, ಬೀಳುವಾಗ ಕೈ ಊರಲು ನೋಡುತ್ತಾರೆ; ಅದಕ್ಕೇ ಅಂಗೈ ತರಚುವುದು, ಮಣಿಕಟ್ಟು ಮುರಿಯುವುದು. ಇಲ್ಲಿ ಪೆಟ್ಟಾಗಿರುವುದು ಮುಖಕ್ಕೆ, ಕೈಗೆ ಏನೂ ಇಲ್ಲ. ನೆಲಕ್ಕೆ ತಾಗುವ ಮುಂಚೆಯೇ ಪ್ರಜ್ಞೆ ಮಸುಕಾಗಿತ್ತು ಎಂಬ ಅನುಮಾನ ಇಲ್ಲಿಂದ ಹುಟ್ಟುತ್ತದೆ.

ಆಮೇಲೆ ಹೊತ್ತು. ಮಲಗಿದ್ದವರು ಎದ್ದು ಕೆಲವೇ ಹೆಜ್ಜೆ ನಡೆದ ಮೇಲೆ ಬಿದ್ದಿದ್ದಾರೆ. ಎದ್ದು ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ರಕ್ತನಾಳಗಳು ಬಿಗಿಯಾಗಿ ಅದನ್ನು ಮೇಲಕ್ಕೆ ತಳ್ಳಬೇಕು. ವಯಸ್ಸಾದಂತೆ ಆ ಬಿಗಿತ ನಿಧಾನವಾಗುತ್ತದೆ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಜಾತಿಯ ಮಾತ್ರೆಗಳು ಅದನ್ನು ಇನ್ನೂ ಸಡಿಲಿಸಬಹುದು, ಬಿ.ಪಿ. ಮಾತ್ರೆಯೂ ಸೇರಿದರೆ ಹೆಚ್ಚು. ವೈದ್ಯರು ಮಾವನನ್ನು ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿದರು: 136/78. ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದಾಗ 108/66. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಗಮನಿಸಲೇಬೇಕಾದ ಇಳಿತ ಎನ್ನುತ್ತಾರೆ. ಕುರ್ಚಿಯಲ್ಲಿ ಕೂರಿಸಿ ಒಂದೇ ಸಲ ನೋಡಿದ್ದರೆ ಇದು ಸಿಗುತ್ತಿರಲಿಲ್ಲ. ಹಾಗೆಂದು ಅಲ್ಲಿಗೇ ಮುಗಿಸಲಿಲ್ಲ. ಹೃದಯದ ಕಾಯಿಲೆಯವರಾದ್ದರಿಂದ ಇ.ಸಿ.ಜಿ. ಮಾಡಿಸಿದರು.

ಸ್ಟ್ರಿಪ್‌ಗಳಲ್ಲಿ ಕ್ಲೋಪಿಡೋಗ್ರೆಲ್ ಇತ್ತು, ರಕ್ತ ಗಡ್ಡೆಕಟ್ಟದಂತೆ ಸ್ಟೆಂಟ್ ಹಾಕಿದವರಿಗೆ ಕೊಡುವ ಮಾತ್ರೆ. ಹುಬ್ಬಿನ ಮೇಲಿನ ಊತವೂ ಈ ಮಾತ್ರೆಯೂ ಸೇರಿದರೆ ತಲೆಯೊಳಗಿನ ರಕ್ತಸ್ರಾವದ ಭಯ ಹೆಚ್ಚು, ಮನುಷ್ಯ ಚೆನ್ನಾಗಿ ಮಾತಾಡುತ್ತಿದ್ದರೂ. ಹಾಗಾಗಿ ಅದೇ ದಿನ ಸಿ.ಟಿ. ಸ್ಕ್ಯಾನ್‌ಗೆ ಕಳಿಸಿದರು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಮಾತ್ರೆಗಳ ಪ್ರಮಾಣ, ಹೊತ್ತು ಬದಲಾಯಿಸಿದ್ದು ವೈದ್ಯರು. ಮನೆಯವರು ತಾವಾಗಿ ಯಾವುದನ್ನೂ ನಿಲ್ಲಿಸುವಂತಿಲ್ಲ, ಸ್ಟೆಂಟಿನ ಮಾತ್ರೆಯನ್ನಂತೂ ಖಂಡಿತ ಅಲ್ಲ.

ಸೊಸೆ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಮಾವನ ಎರಡು ಮಾತನ್ನೂ ಬರೆದದ್ದು, ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸದೆ ಇದ್ದದ್ದು. ನಮ್ಮ ಹಿರಿಯರು ಬಿದ್ದ ಕೂಡಲೇ ಹೇಳುವುದು ಮಕ್ಕಳಿಗೆ ಗಾಬರಿಯಾಗದಿರಲಿ ಎಂಬ ಮಾತು. ಕೊಂಚ ಹೊತ್ತು ಪ್ರಜ್ಞೆ ತಪ್ಪಿದ್ದು ಅವರಿಗೇ ನೆನಪಿರದೆ ಇರಬಹುದು. "ತಲೆ ತಿರುಗಿತು" ಎಂದರೆ ಅಷ್ಟಕ್ಕೇ ಬಿಡದೆ ಕೇಳಬೇಕು: ಕೋಣೆ ಗಿರ್ರನೆ ಸುತ್ತಿತೇ, ಕಣ್ಣಿಗೆ ಕತ್ತಲೆ ಕವಿಯಿತೇ, ಕಾಲಲ್ಲಿ ಶಕ್ತಿ ಇಲ್ಲವಾಯಿತೇ, ಎದೆ ಹೊಡೆದುಕೊಂಡಿತೇ? ಮೊದಲನೆಯದು ಕಿವಿಯ ಕಡೆ ಬೆರಳು ತೋರಿಸಬಹುದು, ಎರಡನೆಯದು ರಕ್ತದೊತ್ತಡದ ಕಡೆ. ಉತ್ತರವನ್ನು ಅವರು ಹೇಳಿದ ಹಾಗೇ ಬರೆಯಿರಿ, ಸರಿಪಡಿಸಬೇಡಿ.

ನೆಲದ ಸಾಕ್ಷಿ ಬೇಗ ಅಳಿಸಿಹೋಗುತ್ತದೆ. ಹಿರಿಯರನ್ನು ಕೂರಿಸುತ್ತಿದ್ದ ಹಾಗೇ ಯಾರೋ ಒರೆಸುವ ಬಟ್ಟೆ ತಂದಿರುತ್ತಾರೆ! ಅದಕ್ಕೆ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದರೆ ಸಾಕು: ನೀರು, ಸೋಪಿನ ನೊರೆ, ಮಡಚಿದ ಮ್ಯಾಟ್, ಸವೆದ ಹವಾಯಿ ಚಪ್ಪಲಿ, ಬಾತ್‌ರೂಮಿಗೆ ಇಳಿಯುವ ಮೆಟ್ಟಿಲು. ಬಟ್ಟೆ ಒದ್ದೆಯಾಗಿದ್ದರೆ ಅದು ನೆಲದ ನೀರೋ ಮೂತ್ರವೋ ಎಂಬುದನ್ನೂ ನೋಡಬೇಕು. ಹೊತ್ತಿನ ವಿಷಯಕ್ಕೆ ಫೋನಿನ ಕರೆಪಟ್ಟಿಯೇ ನಂಬಿಕಸ್ತ. ಬಿದ್ದದ್ದನ್ನು ಯಾರೂ ಕೇಳಿಸಿಕೊಂಡಿರದಿದ್ದರೆ, ಕೊನೆಯ ಸಲ ಚೆನ್ನಾಗಿದ್ದದ್ದು ಯಾವಾಗ, ಕಂಡದ್ದು ಯಾವಾಗ ಎಂದು ಎರಡೂ ಬರೆಯಿರಿ. ಒಂದು ಗಂಟೆಗಿಂತ ಹೆಚ್ಚು ಹೊತ್ತು ನೆಲದಲ್ಲೇ ಇದ್ದರೆ ಒತ್ತಿದ ಸ್ನಾಯು ನಲುಗಿ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು; ವೈದ್ಯರು ರಕ್ತ ಪರೀಕ್ಷೆ ಬರೆಯುವುದು ಆ ಲೆಕ್ಕದ ಮೇಲೆ.

ಕೆಲವು ಸ್ಥಿತಿಯಲ್ಲಿ ಪೆನ್ನು ಹುಡುಕಬಾರದು, 108ಕ್ಕೆ ಕರೆ ಮಾಡಬೇಕು: ಎಚ್ಚರವಿಲ್ಲ, ಫಿಟ್ಸ್ ಬಂದಿದೆ, ವಾಂತಿ ನಿಲ್ಲುತ್ತಿಲ್ಲ, ಮಾತು ತೊದಲುತ್ತಿದೆ, ಎದೆನೋವಿದೆ, ಕುತ್ತಿಗೆ ನೋಯುತ್ತಿದೆ, ಅಥವಾ ಒಂದು ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಕ್ಕೆ ತಿರುಗಿದೆ. ಕೊನೆಯದು ಸೊಂಟದ ಕೀಲು ಮುರಿದ ಗುರುತು, ಎತ್ತಿ ನಿಲ್ಲಿಸಲು ಹೋಗಬಾರದು. ಆದರೆ ನಡೆದಾಡಿದರೆಂಬ ಕಾರಣಕ್ಕೆ ಮುರಿದಿಲ್ಲ ಎನ್ನುವಂತಿಲ್ಲ. ಸಣ್ಣ ಬಿರುಕಿದ್ದರೂ ಕೆಲವರು ನಡೆಯುತ್ತಾರೆ. ಮರುದಿನವೂ ತೊಡೆಸಂದು ನೋಯುತ್ತಿದ್ದರೆ ಅದನ್ನು ಪುಟದಲ್ಲಿ ಸೇರಿಸಿ ಮತ್ತೆ ತೋರಿಸಬೇಕು.

ಆ ಪುಟವನ್ನು ಬಿಸಾಡದೆ ಕೆಲವು ವಾರ ಬರೆಯುತ್ತ ಹೋಗುವುದು ಒಳ್ಳೆಯದು. ವಯಸ್ಸಾದವರಲ್ಲಿ ತಲೆಬುರುಡೆಯ ಕೆಳಗೆ ರಕ್ತ ಹನಿಹನಿಯಾಗಿ ಸೇರಿ, ಮೊದಲ ಸ್ಕ್ಯಾನ್ ಸರಿಯಾಗಿದ್ದರೂ ಎರಡು ಮೂರು ವಾರದ ಮೇಲೆ ತೊಂದರೆ ಕಾಣಿಸಿಕೊಳ್ಳುವುದುಂಟು. ಹಗಲಲ್ಲೂ ಮಂಪರು, ಹೆಚ್ಚುತ್ತಿರುವ ತಲೆನೋವು, ಮಾತಿನಲ್ಲಿ ಗೊಂದಲ, ಒಂದು ಕಾಲು ಎಳೆದು ನಡೆಯುವುದು ಕಂಡರೆ "ವಯಸ್ಸಾಯಿತು" ಎಂದು ಬಿಡದೆ ತಾರೀಖು ಹಾಕಿ ಬರೆದುಕೊಂಡು, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿಯ ಡ್ಯೂಟಿ ಡಾಕ್ಟರಿಗೆ ಹಳೆಯ ಬೀಳುವಿಕೆಯ ಸುದ್ದಿ ಗೊತ್ತಿರುವುದಿಲ್ಲ, ಆ ಪುಟವನ್ನೇ ಕೈಗೆ ಕೊಡಿ.